ಬಾಗಿಲುವಾಡಕ್ಕೆ ಮರವೋ, ಪ್ಲೈವುಡ್ಡೋ, ಅಲ್ಯೂಮಿನಿಯಮ್ಮೋ?
(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಸದಸ್ಯರಿಗಾಗಿ ಏರ್ಪಡಿಸಿದ್ದ ತಿಳಿವಳಿಕೆ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾವು ಮಾತಿನವರಲ್ಲ, ಉಳಿ ಬಾಚಿ ಹಿಡಿದವರು. ನಮ್ಮ ತಾತನ ಕಾಲದಿಂದ ನಮ್ಮ ಮನೆಯಲ್ಲಿ ಮರಗೆಲಸ ನಡೆದುಬಂದಿದೆ. ಈಗ ನಾವು ಅಣ್ಣತಮ್ಮಂದಿರು ಮರದ ಜೊತೆಗೆ ಅಲ್ಯೂಮಿನಿಯಂ ಕೆಲಸವನ್ನೂ ಮಾಡುತ್ತೇವೆ. ಆದ್ದರಿಂದ ಇಂಥದೇ ಹಾಕಿಸಿ ಎಂದು ಹೇಳುವುದರಿಂದ ನಮಗೆ ಹೆಚ್ಚಿನ ಲಾಭವೇನೂ ಇಲ್ಲ ಎಂಬುದನ್ನು ಮೊದಲೇ ತಿಳಿಸುತ್ತೇವೆ. ಸಂಘದವರು ಬಂದು "ಮನೆ ಕಟ್ಟೋರೆಲ್ಲ ಒಂದೇ ಪ್ರಶ್ನೆ ಕೇಳ್ತಾರೆ, ಮರ ಹಾಕ್ಸೋದೋ, ಅಲ್ಯೂಮಿನಿಯಂ ಹಾಕ್ಸೋದೋ ಅಂತ. ಅದರ ಬಗ್ಗೆ ನಾಲ್ಕು ಮಾತಾಡಿ" ಎಂದರು. ನಾವು ಒಪ್ಪಿಕೊಂಡೆವು.

ನಮ್ಮ ಹತ್ತಿರ ಯಾರಾದರೂ ಹೀಗೆ ಕೇಳಿದರೆ ನಾವು ತಿರುಗಿ ಒಂದು ಪ್ರಶ್ನೆ ಕೇಳುತ್ತೇವೆ: "ಅಣ್ಣ, ಯಾವ ಬಾಗಿಲು? ಯಾವ ಕಿಟಕಿ? ಅಲ್ಲಿಗೆ ನೀರು ಯಾವ ಕಡೆಯಿಂದ ಬರ್ತದೆ?" ಇಡೀ ಮನೆಗೆ ಒಂದೇ ಸಾಮಾನು ಎಂದು ಹಠ ಹಿಡಿಯುವುದರಿಂದಲೇ ಅರ್ಧ ನಷ್ಟ ಆಗುತ್ತಿರುವುದು.

ನಮ್ಮದು ನಾಲೆ ಸೀಮೆ. ನಾಲೆಯಲ್ಲಿ ನೀರು ಬಿಟ್ಟಾಗ ಭತ್ತದ ಗದ್ದೆ ತುಂಬಿ, ಪಕ್ಕದ ಮನೆಯ ತಳಪಾಯದ ಮಣ್ಣು ತೇವ ಕುಡಿಯುತ್ತದೆ. ಆ ತೇವ ಗೋಡೆಯಲ್ಲಿ ಒಂದು ಅಡಿ, ಕೆಲವು ಕಡೆ ಎರಡು ಅಡಿ ಮೇಲೇರುತ್ತದೆ. ಸುಣ್ಣ ಬಳಿದ ಗೋಡೆ ಕೆಳಗಡೆ ಉಬ್ಬಿ ಉದುರುವುದನ್ನು ತಾವೆಲ್ಲ ನೋಡಿದ್ದೀರಿ. ಬಾಗಿಲುವಾಡದ ಕಾಲು ನಿಂತಿರುವುದೂ ಆ ಜಾಗದಲ್ಲೇ. ನಾವು ಬಿಚ್ಚಿ ಹಾಕಿದ ಹಾಳಾದ ವಾಡಗಳಲ್ಲಿ ಹೆಚ್ಚಿನವು ಹಾಳಾಗಿದ್ದದ್ದು ಕೆಳಗಿನ ಆರು ಅಂಗುಲದಲ್ಲಿ. ಮೇಲಿನ ಆರೂವರೆ ಅಡಿ ಗಟ್ಟಿಯಾಗಿಯೇ ಇರುತ್ತಿತ್ತು. ಮರದ ಅಗಲದ ಮೈ ನೀರನ್ನು ನಿಧಾನವಾಗಿ ಕುಡಿಯುತ್ತದೆ. ಅಡ್ಡಲಾಗಿ ಕೊಯ್ದ ತುದಿ ಮಾತ್ರ ಹೀರುಕೊಳವೆಗಳ ಕಟ್ಟಿನ ಹಾಗೆ ಸರ್ರನೆ ಹೀರಿಕೊಳ್ಳುತ್ತದೆ. ಆ ತುದಿಯನ್ನು ನಾವು ನೆಲದ ಕಾಂಕ್ರೀಟಿನೊಳಗೆ ಎರಡು ಅಂಗುಲ ಹೂತು ಬಿಡುತ್ತೇವೆ. ಆಮೇಲೆ "ಮರ ಸರಿ ಇಲ್ಲ" ಅಂತೀವಿ.

ಹಿಂದಿನವರು ಹಾಗೆ ಮಾಡುತ್ತಿರಲಿಲ್ಲ. ಕಲ್ಲಿನ ಹೊಸ್ತಿಲು, ಅದರ ಮೇಲೆ ಮರದ ಕಾಲು. ಶ್ರೀರಂಗಪಟ್ಟಣದ ದರಿಯಾ ದೌಲತ್ತಿಗೆ ಹೋದವರು ಬರೀ ಚಿತ್ರ ನೋಡಿ ಬರುತ್ತಾರೆ. ನಾವು ಮರಗೆಲಸದವರು ನೋಡುವುದೇ ಬೇರೆ. ಟಿಪ್ಪು ಸುಲ್ತಾನನ ಆ ಅರಮನೆ ಮುಗಿದದ್ದು 1784ರಲ್ಲಿ, ಬಹುಪಾಲು ತೇಗದ ಕೆಲಸ. ಕಾವೇರಿ ಪಕ್ಕದಲ್ಲೇ ಇದ್ದು ಇನ್ನೂರ ನಲವತ್ತು ವರ್ಷ ಆದರೂ ನಿಂತಿದೆ. ತೇಗ ಒಳ್ಳೆಯದು, ನಿಜ. ಅದರ ಜೊತೆಗೆ ಆ ಕಟ್ಟಡ ಎತ್ತರದ ಜಗುಲಿಯ ಮೇಲಿದೆ, ಸುತ್ತ ಅಗಲವಾದ ಪಡಸಾಲೆ ಇದೆ, ಬಿಸಿಲು ಮಳೆ ನೇರವಾಗಿ ಹೊಡೆಯದ ಹಾಗೆ ಹಸಿರು ಪರದೆ ಇಳಿಬಿಟ್ಟಿದ್ದಾರೆ. ಕಾಲು ಒಣಗಿದೆ, ತಲೆ ನೆರಳಲ್ಲಿದೆ. ಈಗ ನಾವು ಸಜ್ಜಾ ಕೂಡ ಒಂದೂವರೆ ಅಡಿ ಬಿಡದೆ ಮನೆ ಕಟ್ಟಿ, ಅದೇ ತೇಗದಿಂದ ಅದೇ ಆಯಸ್ಸು ಕೇಳುತ್ತೇವೆ.

ಈಗ ಮರದ ವಿಚಾರ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮೋಸ ಹೋಗುವುದು ಇಲ್ಲೇ ಜಾಸ್ತಿ. ತೊಂಬತ್ತರ ದಶಕದಲ್ಲಿ ತೇಗದ ಸಸಿ ನೆಡುವ ಹುಮ್ಮಸ್ಸು ಎಲ್ಲೆಡೆ ಬಂದಿತ್ತು, ನಮ್ಮವರೂ ಬದುವಿನ ಮೇಲೆ ನೆಟ್ಟರು. ಆಮೇಲೂ ನೆಡುತ್ತಾ ಬಂದಿದ್ದಾರೆ. ನಾಲೆ ನೀರಿಗೆ ಮರ ಬೇಗ ದಪ್ಪ ಆಗುತ್ತದೆ, ನೋಡೋಕೆ ಚೆಂದ. "ತೇಗ ಅಂದ್ರೆ ತೇಗ, ಗೆದ್ದಲು ಮುಟ್ಟಲ್ಲ" ಎಂದು ನಂಬಿದ್ದೇವೆ. ಗೆದ್ದಲು ಮುಟ್ಟದಿರುವುದು ತೇಗದ ಕೆಚ್ಚನ್ನು ಮಾತ್ರ, ಅಂದರೆ ನಡುವಿನ ಕಂದು ಬಣ್ಣದ ಭಾಗವನ್ನು. ಸುತ್ತಲಿನ ಬಿಳಿಯ ಭಾಗವನ್ನು ಗೆದ್ದಲು ಮಾವಿನ ಮರ ತಿಂದ ಹಾಗೆಯೇ ತಿನ್ನುತ್ತದೆ. ಎಳೆಯ ಮರದಲ್ಲಿ ಆ ಬಿಳಿಭಾಗವೇ ಹೆಚ್ಚು.

ಇದರ ಲೆಕ್ಕವನ್ನು ನಮ್ಮ ಸಂಘದ ಒಬ್ಬ ಸದಸ್ಯರ ಮನೆಯ ಮೇಲೇ ತೋರಿಸುತ್ತೇವೆ. ಹೆಸರು ಬೇಡ, ಅವರು ಇಲ್ಲೇ ಕೂತು ನಗುತ್ತಿದ್ದಾರೆ. ಅವರ ಬದುವಿನಲ್ಲಿ ಮೂರು ತೇಗದ ಮರ ಇದ್ದವು. "ಮೂರು ಮರ ಐತಲ್ಲಪ್ಪ, ಮನೆಗೆಲ್ಲಾ ಸಾಕಾಯ್ತದೆ, ಕೂಲಿ ಒಂದೇ ನಮ್ಮ ಖರ್ಚು" ಎಂದುಕೊಂಡು ಬಂದರು. ಸ್ವಂತ ಜಮೀನಿನ ತೇಗವಾದರೂ ಕಡಿಯುವ ಮೊದಲು ಅರಣ್ಯ ಇಲಾಖೆಯ ಅನುಮತಿ ಬೇಕು, ಸಾಗಿಸಲು ರಹದಾರಿ ಬೇಕು. ಅದನ್ನು ಅವರು ಮಾಡಿಸಿಕೊಂಡಿದ್ದರು, ಆ ಮಾತು ಬಿಡಿ.

ನಾವು ಹೋಗಿ ಅಳೆದೆವು. ಮನೆಗೆ ಒಂದು ಮುಂಬಾಗಿಲು, ಮೂರು ಒಳಬಾಗಿಲು, ಬಚ್ಚಲು ಮತ್ತು ಪಾಯಿಖಾನೆಗೆ ಎರಡು, ನಾಲ್ಕಡಿ ಚೌಕದ ಆರು ಕಿಟಕಿ. ಎಲ್ಲವನ್ನೂ ಮರದಲ್ಲೇ ಮಾಡಿದರೆ ವಾಡಕ್ಕೆ ಮಾತ್ರ ಎಷ್ಟು ಮರ ಬೇಕು? ಮುಂಬಾಗಿಲು ಏಳಡಿ ಎತ್ತರ, ಮೂರೂವರೆ ಅಡಿ ಅಗಲ, ನಾಲ್ಕೂ ಕಡೆ ಸೇರಿ 21 ಅಡಿ ಉದ್ದ. ಆರು ಅಂಗುಲ ನಾಲ್ಕು ಅಂಗುಲದ ತೊಲೆಯಾದರೆ ಮೂರೂವರೆ ಘನ ಅಡಿ. ಒಳಬಾಗಿಲು ಮೂರಕ್ಕೂ, ಹೊಸ್ತಿಲು ಬಿಟ್ಟು, ಐದು ಮೂರರ ತೊಲೆಯಲ್ಲಿ ಸುಮಾರು ಐದೂಕಾಲು. ಬಚ್ಚಲು ಕಡೆಯ ಎರಡಕ್ಕೆ ನಾಲ್ಕು ಮೂರರಲ್ಲಿ ಎರಡೂ ಮುಕ್ಕಾಲು. ಕಿಟಕಿ ಒಂದೊಂದಕ್ಕೂ ನಡುಗಂಬ ಸೇರಿ 20 ಅಡಿ ಉದ್ದ, ನಾಲ್ಕು ಮೂರರ ತೊಲೆ, ಆರಕ್ಕೆ 10 ಘನ ಅಡಿ. ಒಟ್ಟು ಇಪ್ಪತ್ತೊಂದೂವರೆ. ಗಮನಿಸಿ, ಹೆಚ್ಚುಕಡಿಮೆ ಅರ್ಧ ಮರವನ್ನು ಕಿಟಕಿಗಳೇ ನುಂಗುತ್ತವೆ. ಮನೆ ಕಟ್ಟುವವರು ಯೋಚಿಸುವುದೆಲ್ಲ ಮುಂಬಾಗಿಲ ಬಗ್ಗೆ, ಮರ ಖರ್ಚಾಗುವುದು ಕಿಟಕಿಗೆ.

ಆಮೇಲೆ ಮರಗಳನ್ನು ಅಳೆದೆವು. ಬುಡದಲ್ಲಿ ಸುತ್ತಳತೆ ಮೂರು ಅಡಿ, ಅಂದರೆ 36 ಅಂಗುಲ. ಅಡ್ಡಳತೆ ಹನ್ನೊಂದೂವರೆ ಅಂಗುಲ. ತೊಗಟೆ ಅರ್ಧ ಅಂಗುಲ, ಬಿಳಿಭಾಗ ಒಂದೂವರೆ ಅಂಗುಲ, ಹೀಗೆ ಒಂದೊಂದು ಕಡೆ ಎರಡೆರಡು ಅಂಗುಲ ಹೋದರೆ ಉಳಿಯುವ ಕೆಚ್ಚು ಏಳೂವರೆ ಅಂಗುಲ. ಅದರಲ್ಲಿ ಆರು ನಾಲ್ಕರ ತೊಲೆ ಒಂದೇ ಒಂದು ಬರುತ್ತದೆ. ಮೇಲಿನ ಏಳೂವರೆ ಅಡಿಯ ತುಂಡಿನಲ್ಲಿ ಸುತ್ತಳತೆ 30 ಅಂಗುಲಕ್ಕೆ ಇಳಿದಿತ್ತು. ಅಲ್ಲಿ ಕೆಚ್ಚು ಐದೂವರೆ, ನಾಲ್ಕು ಮೂರರ ತೊಲೆ ಒಂದು. ಹೀಗೆ ಮೂರು ಮರ ಕಡಿದು ಸಿಗುವುದು ಮುಂಬಾಗಿಲಿಗೆ ಬೇಕಾದ ಮೂರು ದೊಡ್ಡ ತೊಲೆ, ಜೊತೆಗೆ ಮೂರು ಸಣ್ಣವು. ಅಷ್ಟೇ! ಅವರು ಬಹಳ ಹೊತ್ತು ಮಾತಾಡಲಿಲ್ಲ. ಸಾಮಿಲ್ಲಿನವರಿಗೆ ಕೊಟ್ಟಿದ್ದರೆ ಬಿಳಿಭಾಗ ಸೇರಿಸಿ ಇನ್ನೂ ಹತ್ತು ತೊಲೆ ಕೊಯ್ದು ಕೊಡುತ್ತಿದ್ದರು, ಬಣ್ಣ ಹೊಡೆದ ಮೇಲೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಬಿಳಿಭಾಗ ಬಂದರೆ ಏನಾಗುತ್ತದೆ ಎಂದು ನಾವು ಪುಸ್ತಕದಿಂದ ಕಲಿಯಲಿಲ್ಲ, ನಮ್ಮ ತಂಗಿಯ ಮನೆಯಿಂದ ಕಲಿತೆವು. ಗೃಹಪ್ರವೇಶಕ್ಕೆ ದಿನ ಗೊತ್ತಾಗಿಬಿಟ್ಟಿತ್ತು. ಮಳೆಗಾಲದಲ್ಲಿ ಕಡಿದ ಮರ, ಎರಡು ತಿಂಗಳೂ ಒಣಗಿರಲಿಲ್ಲ. "ಮನೆಯವರೇ ಅಲ್ವಾ, ಆಯ್ತದೆ ಬಿಡು" ಎಂದು ನಾವೇ ವಾಡ ಮಾಡಿ ನಿಲ್ಲಿಸಿದೆವು. ಬೇಸಿಗೆ ಬಂತು. ಮರ ಒಣಗಿ ಕುಗ್ಗಿತು, ವಾಡಕ್ಕೂ ಗಾರೆಗೂ ಮಧ್ಯೆ ಎಂಟಾಣೆ ಬಿಲ್ಲೆ ತೂರುವಷ್ಟು ಸಂದು ಬಿಟ್ಟಿತು. ಅದನ್ನು ಸಿಮೆಂಟಿನ ಹಾಲಿನಲ್ಲಿ ಮುಚ್ಚಿದೆವು. ಮುಂದಿನ ಮಳೆಗಾಲದಲ್ಲಿ ಗೆದ್ದಲು ನೆಲದಿಂದ ಅದೇ ಸಂದಿನಲ್ಲಿ ಹತ್ತಿದೆ. ಹೊರಗೆ ಏನೂ ಕಾಣಿಸಲಿಲ್ಲ. ಮೂರನೆಯ ವರ್ಷ ಬಾಗಿಲ ತಿರುಗಣಿ ಮೊಳೆ ಸಡಿಲವಾಯಿತು ಎಂದು ಕರೆದಳು. ಚಾಕುವಿನ ತುದಿ ಒತ್ತಿದರೆ ಮಾಗಿದ ಬಾಳೆಹಣ್ಣಿಗೆ ಚುಚ್ಚಿದ ಹಾಗೆ ಒಳಗೆ ಹೋಯಿತು. ಬಿಳಿಭಾಗವೆಲ್ಲ ಟೊಳ್ಳು, ಮೇಲೆ ಬರೀ ಬಣ್ಣದ ಪೊರೆ. ಒಳಗಿದ್ದ ಕೆಚ್ಚು ಮಾತ್ರ ಹಾಗೇ ನಿಂತಿತ್ತು. ತಂಗಿ ಏನೂ ಅನ್ನಲಿಲ್ಲ. "ಅಣ್ಣಯ್ಯ, ಬೇರೆಯೋರ ಮನೆಗೂ ಹಿಂಗೇ ಮಾಡೀಯಾ?" ಎಂದು ಮಾತ್ರ ಕೇಳಿದಳು.

ಅಂದಿನಿಂದ ನಾವು ಮರದ ತೇವ ನೋಡದೆ ಉಳಿ ಹಾಕುವುದಿಲ್ಲ. ಇದಕ್ಕೆ ಯಂತ್ರ ಬೇಕಿಲ್ಲ. ತೊಲೆಯ ತುದಿಯಿಂದಲ್ಲ, ನಡುವಿನಿಂದ ಒಂದು ಸಣ್ಣ ತುಂಡು ಕೊಯ್ದು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಕೂಡಲೇ ತೂಗಬೇಕು. 300 ಗ್ರಾಂ ಬಂತು ಅನ್ನಿ. ಬೇಕರಿಯವರನ್ನು ಕೇಳಿಕೊಂಡು ಅವರ ಓವನ್ನಿನ ಕಾವಿನಲ್ಲಿ, ನೀರು ಕುದಿಯುವಷ್ಟು ಶಾಖ ಇರುವ ಕಡೆ, ಇಡಬೇಕು. ಹೊಗೆಯಾಡಲು ಬಿಡಬಾರದು. ದಿನಕ್ಕೊಮ್ಮೆ ತೂಗಿ, ಇಳಿಯುವುದು ನಿಂತಾಗ 240 ಗ್ರಾಂ ಉಳಿಯಿತು ಅನ್ನಿ. ಹೋದ ನೀರು 60, ಒಣಮರ 240, ಅಂದರೆ ನೂರಕ್ಕೆ 25ರಷ್ಟು ತೇವ. ನಮ್ಮ ಕಡೆಗೆ ಇದು ನೂರಕ್ಕೆ ಹನ್ನೆರಡರಿಂದ ಹದಿನೈದರೊಳಗೆ ಇರಬೇಕು. 25ರಲ್ಲೇ ನಿಲ್ಲಿಸಿದರೆ ಐದು ಅಂಗುಲದ ತೇಗದ ತೊಲೆ ಒಣಗುವ ಹೊತ್ತಿಗೆ ಮೂರು ಮಿಲಿಮೀಟರಿನಷ್ಟು ಕುಗ್ಗಬಹುದು. ಮತ್ತಿ ಮರವಾದರೆ ಇನ್ನೂ ಜಾಸ್ತಿ. ಮೂರು ಅಂಗುಲ ದಪ್ಪದ ತೊಲೆಯನ್ನು ನೆರಳಿನಲ್ಲಿ, ಒಂದರ ಮೇಲೊಂದು ತಾಗದ ಹಾಗೆ ರೀಪು ಕೊಟ್ಟು, ತುದಿಗೆ ಬಣ್ಣ ಬಳಿದು, ಕನಿಷ್ಠ ಒಂದು ವರ್ಷ ಜೋಡಿಸಿಡಬೇಕು. ಮನೆ ಕಟ್ಟಬೇಕು ಎಂದುಕೊಂಡ ವರ್ಷವೇ ಮರ ತಂದು ಇಟ್ಟರೆ ಪಾಯ ಮೇಲೆದ್ದು ಗೋಡೆ ಬರುವಷ್ಟರಲ್ಲಿ ಸರಿಹೋಗುತ್ತದೆ.

ತೇಗವೇ ಆಗಬೇಕು ಎಂದೇನಿಲ್ಲ. ಹೊನ್ನೆ ಒಳ್ಳೆಯದು, ಬಲಿತ ಬೇವಿನ ಕೆಚ್ಚು ಒಳಬಾಗಿಲಿಗೆ ಧಾರಾಳ ಸಾಕು, ಹಲಸೂ ಆಗುತ್ತದೆ. ಹಳೇ ತೊಟ್ಟಿಮನೆ ಕೆಡವಿದಾಗ ಸಿಗುವ ತೊಲೆ ಎಲ್ಲಕ್ಕಿಂತ ಲೇಸು, ಅದು ಒಣಗಬೇಕಾದ್ದೆಲ್ಲ ಒಣಗಿ ಕುಗ್ಗಬೇಕಾದ್ದೆಲ್ಲ ಕುಗ್ಗಿಯಾಗಿರುತ್ತದೆ. ಮೊಳೆ ಉಳಿದಿದ್ದರೆ ಗರಗಸ ಹಾಳಾಗುತ್ತದೆ, ಅಷ್ಟೇ ತಾಪತ್ರಯ.

ಇನ್ನು ಕಾರ್ಖಾನೆ ಮರ. ಪ್ಲೈವುಡ್ಡು, ಬ್ಲಾಕ್ ಬೋರ್ಡು, ಎಂ.ಡಿ.ಎಫ್., ಪಾರ್ಟಿಕಲ್ ಬೋರ್ಡು ಎಲ್ಲವನ್ನೂ ಜನ ಒಟ್ಟಿಗೆ "ಪ್ಲೈವುಡ್ಡು" ಅಂತಾರೆ. ಒಂದು ಮಾತು ಖಂಡಿತವಾಗಿ ಹೇಳುತ್ತೇವೆ: ಬಾಗಿಲ ರೆಕ್ಕೆ ಬೇರೆ, ವಾಡ ಬೇರೆ. ಒಳಬಾಗಿಲ ರೆಕ್ಕೆಗೆ ಫ್ಲಶ್ ಡೋರು ಬಹಳ ಒಳ್ಳೆಯದು, ಹಲಗೆ ಬಾಗಿಲಿನಷ್ಟು ಸೊಟ್ಟ ಆಗುವುದಿಲ್ಲ, ಮರ ಉಳಿಯುತ್ತದೆ. ಅದನ್ನು ನೋಡಿ "ಹಂಗಾದ್ರೆ ವಾಡಾನೂ ಅದರಲ್ಲೇ ಮಾಡಿ" ಎಂದರೆ ನಾವು ಒಪ್ಪುವುದಿಲ್ಲ. ಗೋಡೆಯ ತೇವಕ್ಕೆ ಎಂ.ಡಿ.ಎಫ್. ಊದಿಕೊಂಡು ರೊಟ್ಟಿಯ ಹಾಗೆ ಆಗುತ್ತದೆ, ಮತ್ತೆ ಇಳಿಯುವುದಿಲ್ಲ. ಅಂಟಿಸಿದ ಮರದಲ್ಲಿ ಪ್ರಾಣ ಇರುವುದು ಅಂಟಿನಲ್ಲಿ. ತೇವ ತಡೆಯುವ ಅಂಟು ಒಂದು, ಕುದಿನೀರು ತಡೆಯುವ ಅಂಟು ಇನ್ನೊಂದು. ಮುದ್ರೆ ನೋಡಿದರೂ ಸರಿ, ಅಂಗಡಿಯಿಂದ ಎರಡು ಅಂಗುಲದ ತುಂಡು ತಂದು ಒಲೆಯ ಮೇಲೆ ನೀರಿನಲ್ಲಿ ನಾಲ್ಕು ಗಂಟೆ ಕುದಿಸಿ ನೋಡಿದರೂ ಸರಿ. ಸಾಮಾನ್ಯ ಅಂಟಿನದು ಪದರ ಬಿಚ್ಚಿಕೊಂಡು ಪುಸ್ತಕದ ಹಾಳೆಯ ಹಾಗೆ ಆಗುತ್ತದೆ. ಒಳ್ಳೆಯದು ಹಾಗೇ ಇರುತ್ತದೆ. ಇದನ್ನು ಅಂಗಡಿಯವರ ಮುಂದೆ ಹೇಳಿದರೇ ಸಾಕು, ಅವರು ಬೇರೆ ಹಲಗೆ ತೋರಿಸುತ್ತಾರೆ.

ಬಚ್ಚಲ ಬಾಗಿಲಿಗೆ ಮಾತ್ರ ಈಚೆಗೆ ಬಂದಿರುವ ಡಬ್ಲ್ಯು.ಪಿ.ಸಿ. ವಾಡವನ್ನು ನಾವು ಒಪ್ಪುತ್ತೇವೆ. ಮರದ ಪುಡಿ ಬೆರೆಸಿದ ಪ್ಲಾಸ್ಟಿಕ್ಕು ಅದು, ಮರ ಅನ್ನುವುದು ಹೆಸರಿಗೆ. ನೀರಿಗೆ ಊದುವುದಿಲ್ಲ, ಗೆದ್ದಲು ತಿನ್ನುವುದಿಲ್ಲ. ಆದರೆ ಮರದಷ್ಟು ಬಿಗಿಯಾಗಿ ಸ್ಕ್ರೂ ಹಿಡಿಯದು, ಬಿಸಿಲಿಗೆ ಬಾಗುತ್ತದೆ. ಅದಕ್ಕೆ ಹಗುರವಾದ ರೆಕ್ಕೆಯನ್ನೇ ತೂಗಬೇಕು. ಮುಂಬಾಗಿಲಿಗೆ ಅದನ್ನು ಹಾಕಿ ತೇಗದ ಭಾರದ ರೆಕ್ಕೆ ತೂಗಿಸಿದವರೂ ಇದ್ದಾರೆ, ಈಗ ರೆಕ್ಕೆ ನೆಲ ಸವರಿಕೊಂಡು ಹೋಗುತ್ತಿದೆ.

ಅಲ್ಯೂಮಿನಿಯಂ ಕಿಟಕಿಯ ಸಾಮಾನು. ಮಳೆ ಹೊಡೆಯುವ ಪಶ್ಚಿಮದ ಗೋಡೆಗೆ ಅದಕ್ಕಿಂತ ನಿಶ್ಚಿಂತೆಯಾದದ್ದು ನಮಗೆ ಕಂಡಿಲ್ಲ. ಊದುವುದಿಲ್ಲ, ಗೆದ್ದಲಿಲ್ಲ, ವರ್ಷವರ್ಷ ಬಣ್ಣ ಬೇಡ. ನಾಲೆ ಸೀಮೆಯಲ್ಲಿ ಸೊಳ್ಳೆ ಕಾಟ ಹೇಳಬೇಕಾಗಿಲ್ಲ. ಮೂರು ಹಳಿಯ ಜಾರುಕಿಟಕಿ ಹಾಕಿಸಿದರೆ ಎರಡರಲ್ಲಿ ಗಾಜು, ಮೂರನೆಯದರಲ್ಲಿ ಸೊಳ್ಳೆ ಜಾಲರಿ. ಜಾರುಕಿಟಕಿ ಪೂರ್ತಿ ತೆರೆಯುವುದಿಲ್ಲ, ಅರ್ಧ ಕಿಟಕಿಯ ಗಾಳಿಯೇ ಬರುವುದು ಎಂಬುದನ್ನು ಮೊದಲೇ ತಿಳಿದಿರಬೇಕು. ಸೆಕೆ ಆಗುವ ಕೋಣೆಗೆ ಕಿಟಕಿ ದೊಡ್ಡದು ಮಾಡಿಸಿ. ಕಳ್ಳರ ಭಯಕ್ಕೆ ಕಬ್ಬಿಣದ ಗ್ರಿಲ್ಲು ಬೇರೆಯಾಗಿ ಗೋಡೆಗೇ ಕೂರಿಸಬೇಕು.

ಅಲ್ಯೂಮಿನಿಯಂಗೆ ಒಂದು ಶತ್ರು ಇದೆ, ಅದು ಹಸಿ ಸಿಮೆಂಟು. ಹಸಿ ಗಾರೆ ತಾಗಿದರೆ ಬಿಳಿಯ ಕಲೆ ಬಿದ್ದು ಹೊಳಪು ತಿಂದುಹೋಗುತ್ತದೆ, ಆಮೇಲೆ ಏನು ಉಜ್ಜಿದರೂ ಹೋಗದು. ಮರದ ವಾಡವನ್ನು ಗೋಡೆ ಕಟ್ಟುವಾಗಲೇ ನಿಲ್ಲಿಸುವ ರೂಢಿಗೆ ಇದು ತದ್ವಿರುದ್ಧ. ಗಾರೆ, ಸುಣ್ಣಬಣ್ಣ ಎಲ್ಲ ಮುಗಿದು ಒಣಗಿದ ಮೇಲೆ ಅಳತೆ ತೆಗೆದು ಕೂರಿಸಬೇಕು, ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಕೊನೆಯ ದಿನದವರೆಗೆ ಕೀಳಬಾರದು. ಸ್ಕ್ರೂ ಸ್ಟೀಲಿನದೇ ಆಗಲಿ. ಕಬ್ಬಿಣದ್ದಾದರೆ ಮಳೆ ನೀರಿಗೆ ಅದರ ಸುತ್ತಲ ಅಲ್ಯೂಮಿನಿಯಂ ಸವೆದು ಪುಡಿ ಉದುರುತ್ತದೆ. ಕೊಳ್ಳುವಾಗ "ಅಡಿಗೆ ಎಷ್ಟು" ಎಂದು ಮಾತ್ರ ಕೇಳಬೇಡಿ, "ಒಂದು ಉದ್ದಕ್ಕೆ ತೂಕ ಎಷ್ಟು" ಎಂದು ಕೇಳಿ. ನೋಡಲು ಒಂದೇ ಥರ ಇರುವ ಎರಡು ಪಟ್ಟಿಗಳಲ್ಲಿ ಒಂದು ತೆಳು ಇರುತ್ತದೆ, ಬೆರಳಲ್ಲಿ ಒತ್ತಿದರೆ ಬಳುಕುತ್ತದೆ. ಕೆಳಗಿನ ಹಳಿಯಲ್ಲಿ ನೀರು ಹೊರಹೋಗಲು ಸಣ್ಣ ತೂತುಗಳಿವೆಯೇ ನೋಡಿ. ಅವು ಒಕ್ಕಣೆ ಧೂಳಿನಿಂದ ಮುಚ್ಚಿಕೊಂಡರೆ ಮಳೆ ನೀರು ಕೋಣೆಗೇ ಬರುತ್ತದೆ. ಮಳೆಗಾಲಕ್ಕೆ ಮುಂಚೆ ಒಂದು ಕಡ್ಡಿಯಲ್ಲಿ ತೆರೆದರೆ ಸಾಕು.

ಮೂರು ಮರದ ಸದಸ್ಯರ ಮನೆಗೆ ಕೊನೆಗೆ ಏನು ಮಾಡಿದೆವು ಎಂದು ಹೇಳಬೇಕಲ್ಲ. ಆರು ಕಿಟಕಿಯನ್ನು ಅಲ್ಯೂಮಿನಿಯಂಗೆ, ಬಚ್ಚಲ ಕಡೆಯ ಎರಡನ್ನು ಡಬ್ಲ್ಯು.ಪಿ.ಸಿ.ಗೆ ಬಿಟ್ಟೆವು. ಇಪ್ಪತ್ತೊಂದೂವರೆ ಘನ ಅಡಿಯಿಂದ ಮರ ಒಂಬತ್ತರೊಳಗೆ ಇಳಿಯಿತು. ಅದರಲ್ಲಿ ಮುಂಬಾಗಿಲಿಗೆ ಅವರದೇ ತೇಗದ ಬುಡದ ಕೆಚ್ಚು, ಒಂದು ಚೂರೂ ಬಿಳಿ ಇಲ್ಲದ ಹಾಗೆ. ಒಳಬಾಗಿಲು ಮೂರಕ್ಕೆ ಅವರ ಸೋದರಮಾವನ ಹಳೇ ಮನೆಯ ಬೇವಿನ ತೊಲೆಗಳು ಸಿಕ್ಕವು. ಎಲ್ಲ ಬಾಗಿಲಿಗೂ ಕಲ್ಲಿನ ಹೊಸ್ತಿಲು ಕೂರಿಸಿ, ವಾಡದ ಕಾಲನ್ನು ಅದರ ಮೇಲೆ ನಿಲ್ಲಿಸಿದೆವು, ನೆಲದೊಳಗೆ ಹೂಳಲಿಲ್ಲ. ಕಾಲಿನ ತುದಿಗೆ, ಗೋಡೆಗೆ ತಾಗುವ ಬೆನ್ನಿಗೆ ಎರಡು ಸಲ ಡಾಂಬರು ಬಣ್ಣ ಬಳಿದೆವು. ಒಂದೊಂದು ನಿಲುವಿಗೆ ಮೂರು ಕ್ಲ್ಯಾಂಪು. ಪಾಯದಲ್ಲೇ ಗೆದ್ದಲು ಔಷಧಿ ಹಾಕಿಸಿದ್ದರು, ಅದು ಅವರ ಸೊಸೆಯ ಹಠ. ಮರ ಒಣಗಲು ಒಂದು ವರ್ಷ ಬೇಕು ಎಂದಾಗ ಯಜಮಾನರಿಗೆ ಬೇಸರವಾಗಿತ್ತು. ಬಾಗಿಲು ನಿಲ್ಲಿಸುವ ಪೂಜೆಯ ದಿನವನ್ನು ಎರಡು ಸಲ ಮುಂದೆ ಹಾಕಿದರು.

ಇಲ್ಲಿ ಒಬ್ಬರು ತಾಯಿ ಚೀಟಿ ಕಳಿಸಿದ್ದಾರೆ: "ಹಳೇ ಮನೆಯ ವಾಡದ ಕಾಲು ಕೊಳೆತಿದೆ, ಪೂರ್ತಿ ಕೀಳಿಸಬೇಕಾ?" ಬೇಡಮ್ಮ. ಚಾಕುವಿನಲ್ಲಿ ಕೆಳಗಿನಿಂದ ಚುಚ್ಚುತ್ತಾ ಮೇಲೆ ಬನ್ನಿ, ಎಲ್ಲಿ ಗಟ್ಟಿ ಸಿಗುತ್ತದೋ ಅದಕ್ಕಿಂತ ನಾಲ್ಕು ಅಂಗುಲ ಮೇಲೆ ಗುರುತು ಹಾಕಿ. ಅಲ್ಲಿಗೆ ಕೊಯ್ದು, ಕೆಳಗೆ ಕಲ್ಲಿನ ತುಂಡೊಂದನ್ನು ಕೊಟ್ಟು ಕೂರಿಸಬಹುದು. ಗೆದ್ದಲು ಹತ್ತಿದ್ದರೆ ಮಾತ್ರ ಮೇಲಿನವರೆಗೂ ತಟ್ಟಿ ನೋಡಬೇಕು, ಟೊಳ್ಳು ಸದ್ದು ಬಂದರೆ ಬದಲಿಸಲೇಬೇಕು.

ನೋಡಲಿ ಎಂದು ತೇಗದ ಅಡ್ಡ ಕೊಯ್ದ ಬಿಲ್ಲೆಯನ್ನೂ, ಕುದಿಸಿದ ಎರಡು ಪ್ಲೈವುಡ್ ತುಂಡುಗಳನ್ನೂ, ತಂಗಿಯ ಮನೆಯಿಂದ ಬಿಚ್ಚಿ ತಂದ ವಾಡದ ಕಾಲನ್ನೂ ವೇದಿಕೆಯ ಪಕ್ಕದ ಮೇಜಿನ ಮೇಲೆ ಇಟ್ಟಿದ್ದೇವೆ. ಕೈಯಲ್ಲಿ ಹಿಡಿದು ನೋಡಬಹುದು.